ಬಾತ್‌ರೂಮ್ ಸಂದಿಗೆ ಸಿಲಿಕೋನೋ, ಅಕ್ರಿಲಿಕ್ಕೋ? ಹಚ್ಚಿದ ಮೇಲೆ ಎಷ್ಟು ದಿನ ಕಾಯಬೇಕು?

ಬಾತ್‌ರೂಮ್ ವಿಷಯ ಬರೆದಾಗಲೆಲ್ಲ ಎರಡು ಪ್ರಶ್ನೆ ತಪ್ಪದೆ ಬರುತ್ತವೆ. ಒಂದು, "ಕಮೋಡ್ ಸುತ್ತ ಬಿಳಿ ಪೇಸ್ಟ್ ಹಚ್ಚಿಸಿದ್ವಿ, ಮಳೆಗಾಲ ಮುಗಿಯುವಷ್ಟರಲ್ಲಿ ಎದ್ದು ಬಂತು, ಯಾಕೆ?" ಇನ್ನೊಂದು, "ಟ್ಯೂಬ್ ಮೇಲೆ ಹದಿನೈದು ನಿಮಿಷ ಅಂತ ಬರೆದಿದೆ, ಹಾಗಾದರೆ ಸಂಜೆಗೇ ಸ್ನಾನ ಮಾಡಬಹುದಲ್ವಾ?" ನೋಡಿದರೆ ಬೇರೆ ಬೇರೆ ಪ್ರಶ್ನೆ. ಆದರೆ ಎರಡರ ಬೇರೂ ಒಂದೇ ಕಡೆ ಇದೆ: ಸಂದು ಮುಚ್ಚುವ ಪೇಸ್ಟ್‌ಗಳು, ಅಂದರೆ ಸೀಲೆಂಟ್‌ಗಳಾದ ಸಿಲಿಕೋನ್ ಮತ್ತು ಅಕ್ರಿಲಿಕ್ ಎರಡೂ ಒಂದೇ ಥರದ ಟ್ಯೂಬಿನಲ್ಲಿ, ಪೇಸ್ಟ್ ಒತ್ತಿ ತೆಗೆಯುವ ಒಂದೇ ಗನ್ನಿನಿಂದ ಬಂದರೂ ಗಟ್ಟಿಯಾಗುವ ರೀತಿ ಪೂರ್ತಿ ಉಲ್ಟಾ.

ಅವಸರದಲ್ಲಿರುವವರಿಗೆ ಚಿಕ್ಕ ಉತ್ತರ ಮೊದಲೇ ಹೇಳಿಬಿಡುತ್ತೇನೆ. ನೀರು ಬೀಳುವ ಕಡೆ ಸಿಲಿಕೋನ್. ನೀರು ಬೀಳದ, ಪೇಂಟ್ ಹೊಡೆಯಬೇಕಾದ ಕಡೆ ಅಕ್ರಿಲಿಕ್. ಸಿಲಿಕೋನ್ ಹಚ್ಚಿದರೆ ಕನಿಷ್ಠ 24 ಗಂಟೆ, ಹಚ್ಚಿದ ಪೇಸ್ಟಿನ ಎಳೆ ದಪ್ಪ ಇದ್ದರೆ ಎರಡು ಮೂರು ದಿನ ಕಾಯಿರಿ. ಅಕ್ರಿಲಿಕ್ ಮೇಲೆ ಪೇಂಟ್ ಹೊಡೆಯಲು ಒಂದು ದಿನ ಸಾಕು, ಒಳಗಿನವರೆಗೆ ಒಣಗಲು ಒಂದರಿಂದ ಎರಡು ವಾರ ಬೇಕು. ಯಾಕೆ ಹೀಗೆ ಎಂದು ಗೊತ್ತಾದರೆ ಉಳಿದದ್ದನ್ನು ನೀವೇ ಲೆಕ್ಕ ಹಾಕಬಹುದು.

ಒಂದು ತೇವ ಕುಡಿಯುತ್ತದೆ, ಇನ್ನೊಂದು ತೇವ ಬಿಡುತ್ತದೆ

ಟ್ಯೂಬ್ ಮೇಲೆ 'ಕ್ಯೂರಿಂಗ್' ಎಂಬ ಪದ ಇರುತ್ತದೆ. ನಮಗೆ ಕ್ಯೂರಿಂಗ್ ಅಂದ ತಕ್ಷಣ ಹೊಸ ಗೋಡೆಗೆ ಬೆಳಿಗ್ಗೆ ಸಂಜೆ ಪೈಪ್ ಹಿಡಿದು ನೀರು ಹಾಕೋದು ನೆನಪಾಗುತ್ತದೆ. ಇಲ್ಲಿ ಆ ಅರ್ಥವಲ್ಲ. ಪೇಸ್ಟ್ ಪೂರ್ತಿ ಗಟ್ಟಿಯಾಗಿ, ಕೊನೆಯ ರೂಪಕ್ಕೆ ಬರುವುದಕ್ಕೆ ಇಲ್ಲಿ ಕ್ಯೂರಿಂಗ್ ಎನ್ನುತ್ತಾರೆ.

ಅಕ್ರಿಲಿಕ್ ಅನ್ನೋದು ನೀರಿನಲ್ಲಿ ಕಲಸಿದ ಪೇಸ್ಟ್, ಹೆಚ್ಚುಕಡಿಮೆ ಪೇಂಟ್ ಇದ್ದ ಹಾಗೆ. ಅದರೊಳಗಿನ ನೀರು ಗಾಳಿಗೆ ಆರಿ ಹೋದರೆ ಗಟ್ಟಿಯಾಗುತ್ತದೆ. ನೀರು ಹೋದಷ್ಟು ಗಾತ್ರವೂ ಇಳಿಯುತ್ತದೆ. ಅದಕ್ಕೇ ಹಚ್ಚಿದ ದಿನ ತುಂಬಿ ನಿಂತಿದ್ದ ಅಕ್ರಿಲಿಕ್ ಒಂದು ವಾರದಲ್ಲಿ ಒಳಗೆ ಕುಗ್ಗಿದ ಹಾಗೆ ಕಾಣುತ್ತದೆ. ಮಳೆಗಾಲದಲ್ಲಿ ಗಾಳಿಯೇ ಒದ್ದೆ ಇರುವುದರಿಂದ ತುಂಬಾ ನಿಧಾನ. ಮಂಗಳೂರಿನ ಜುಲೈ ತಿಂಗಳಲ್ಲಿ, ಕಿಟಕಿ ಇಲ್ಲದ ಬಾತ್‌ರೂಮಿನಲ್ಲಿ ದಪ್ಪಗೆ ಹಚ್ಚಿದರೆ ಮೇಲೆ ಸಿಪ್ಪೆ ಕಟ್ಟಿ ಒಳಗೆ ವಾರಗಟ್ಟಲೆ ಮೆತ್ತಗೇ ಉಳಿಯುತ್ತದೆ.

ಸಿಲಿಕೋನಿನಲ್ಲಿ ನೀರೇ ಇಲ್ಲ. ಅದು ಗಾಳಿಯಲ್ಲಿರುವ ತೇವವನ್ನು ಎಳೆದುಕೊಂಡು, ಅದರ ಜೊತೆ ರಾಸಾಯನಿಕವಾಗಿ ಸೇರಿ ರಬ್ಬರ್ ಆಗುತ್ತದೆ. ಹಾಗಾಗಿ ಮಳೆಗಾಲದ ಗಾಳಿ ಅದಕ್ಕೆ ಒಳ್ಳೆಯದೇ. ಕಲಬುರಗಿಯ ಏಪ್ರಿಲ್ ಬಿಸಿಲಿಗೆ, ಒಣ ಗಾಳಿಗೆ ಬೇಗ ಗಟ್ಟಿಯಾಗಬಹುದು ಎಂದುಕೊಂಡರೆ ತಪ್ಪು, ತೇವ ಕಮ್ಮಿ ಇರುವುದರಿಂದ ಅಲ್ಲಿ ನಿಧಾನವಾಗಬಹುದು. ತೇವ ಹೊರಗಿನಿಂದ ಒಳಗೆ ಇಳಿಯಬೇಕಲ್ವಾ? ಆದ್ದರಿಂದ ಗಟ್ಟಿಯಾಗುವುದೂ ಹೊರಗಿನಿಂದ ಒಳಕ್ಕೆ. ಸಾಮಾನ್ಯವಾಗಿ ದಿನಕ್ಕೆ 2ರಿಂದ 3 ಮಿಲಿಮೀಟರ್ ಆಳ. ಮೇಲಿನ ಪದರ ಗಟ್ಟಿಯಾದಷ್ಟೂ ತೇವ ಒಳಗೆ ಹೋಗುವುದು ಕಷ್ಟ, ಹಾಗಾಗಿ ಎರಡನೇ ದಿನದ ವೇಗ ಮೊದಲ ದಿನಕ್ಕಿಂತ ಕಮ್ಮಿ.

ಈಗ ಆ ಹದಿನೈದು ನಿಮಿಷದ ಕಥೆ. ಅದು ಮೇಲೆ ಸಿಪ್ಪೆ ಕಟ್ಟುವ ಹೊತ್ತು, ಅಷ್ಟೇ. ಹಾಲಿನ ಮೇಲೆ ಕೆನೆ ಕಟ್ಟಿದರೆ ಕೆಳಗೆ ಹಾಲು ಹಾಲೇ. ಕೆಲವು ಟ್ಯೂಬ್ ಮೇಲೆ 'ಕೆಲವೇ ಗಂಟೆಗಳಲ್ಲಿ ನೀರು ಬಿಡಬಹುದು' ಎಂದೂ ಇರುತ್ತದೆ. ಅದು ಸುಳ್ಳಲ್ಲ, ನೀರು ಬಿದ್ದ ಮಾತ್ರಕ್ಕೆ ಸಿಪ್ಪೆ ಕಟ್ಟಿದ ಸಿಲಿಕೋನ್ ಕೆಡುವುದಿಲ್ಲ. ಆದರೆ ಕಾಲಿನ ಒತ್ತು, ಬಕೆಟ್ ತಳ, ಬ್ರಷ್, ಕಮೋಡ್ ಮೇಲೆ ಕೂತಾಗಿನ ಅಲುಗಾಟ ಇವು ಒಳಗಿನ ಮೆತ್ತನೆಯ ಭಾಗವನ್ನು ಟೈಲ್ಸಿನಿಂದ ಬಿಡಿಸುತ್ತವೆ. ಒಮ್ಮೆ ಬಿಟ್ಟ ಅಂಚು ಆಮೇಲೆ ಕೂರುವುದಿಲ್ಲ.

ಶುರು ಮಾಡುವ ಮೊದಲು

ಬೇಕಾದದ್ದು ಹೆಚ್ಚೇನಿಲ್ಲ: ಸೀಲೆಂಟ್ ಟ್ಯೂಬ್, ಗನ್, ಪೇಪರ್ ಕಟರ್, ಮಾಸ್ಕಿಂಗ್ ಟೇಪ್, ಹಳೇ ಬಟ್ಟೆ, ಸ್ಪಿರಿಟ್, ಒಂದು ಬಟ್ಟಲಲ್ಲಿ ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿದ ನೀರು. ಜೊತೆಗೆ ಒಂದು ಒಡೆದ ಟೈಲ್ ಚೂರು. ಇದು ಯಾಕೆ ಅಂತ ಕೊನೆಯಲ್ಲಿ ಹೇಳುತ್ತೇನೆ, ಎಸೆಯಬೇಡಿ.

ಒಂದು ಎಚ್ಚರಿಕೆ ಇಲ್ಲೇ. ಕೆಳಗಿನ ಮನೆಯ ಸೀಲಿಂಗ್ ತೊಟ್ಟಿಕ್ಕುತ್ತಿದ್ದರೆ ಅದಕ್ಕೆ ಸೀಲೆಂಟ್ ಮದ್ದಲ್ಲ. ಅದು ಪೈಪ್ ಅಥವಾ ಟೈಲ್ಸ್ ಕೆಳಗಿನ ವಾಟರ್‌ಪ್ರೂಫಿಂಗ್ ಸಮಸ್ಯೆ. ಮೇಲೆ ಸಂದು ಮುಚ್ಚಿದರೆ ಒಳಗೆ ಹೋದ ನೀರು ಆರಲೂ ಜಾಗ ಇಲ್ಲದೆ ಇನ್ನಷ್ಟು ಹರಡುತ್ತದೆ.

1. ಜಾಗ ನೋಡಿ ಟ್ಯೂಬ್ ಆರಿಸಿ

ಗೋಡೆ ಮತ್ತು ನೆಲ ಸೇರುವ ಮೂಲೆ, ಕಮೋಡಿನ ಬುಡ, ವಾಶ್ ಬೇಸಿನ್ ಗೋಡೆಗೆ ತಾಗುವ ಜಾಗ, ಶವರ್ ಗಾಜಿನ ಅಂಚು: ಎಲ್ಲದಕ್ಕೂ ಸಿಲಿಕೋನ್. ಇಲ್ಲೆಲ್ಲ ನೀರಷ್ಟೇ ಅಲ್ಲ, ಅಲುಗಾಟವೂ ಇದೆ. ಬಿಸಿನೀರಿಗೆ ಟೈಲ್ಸ್ ಸ್ವಲ್ಪ ಹಿಗ್ಗುತ್ತದೆ, ಮನುಷ್ಯನ ಭಾರಕ್ಕೆ ಕಮೋಡ್ ಸ್ವಲ್ಪ ಆಡುತ್ತದೆ. ಸಾಮಾನ್ಯ ಸಿಲಿಕೋನ್ ಸಂದಿನ ಅಗಲದ ಶೇಕಡಾ 20-25ರಷ್ಟು ಹಿಗ್ಗು ಕುಗ್ಗು ತಾಳಿಕೊಳ್ಳುತ್ತದೆ, ಅಕ್ರಿಲಿಕ್ ಅದರ ಅರ್ಧದಷ್ಟೂ ಕಷ್ಟ. ಗಾರೆಯವರು ಇಲ್ಲಿ ತುಂಬುವ ಬಿಳಿ ಸಿಮೆಂಟ್ ಸ್ವಲ್ಪವೂ ತಾಳುವುದಿಲ್ಲ, ಅದಕ್ಕೇ ಕೂದಲೆಳೆಯಷ್ಟು ಬಿರುಕು ಬಿಟ್ಟು ಕಪ್ಪಗಾಗುತ್ತದೆ.

ಬಾತ್‌ರೂಮ್ ಬಾಗಿಲಿನ ಚೌಕಟ್ಟು ಹೊರಗಡೆ ಪೇಂಟ್ ಮಾಡಿದ ಗೋಡೆಗೆ ಸೇರುವಲ್ಲಿ, ವೆಂಟಿಲೇಟರ್ ಸುತ್ತ ಹೊರ ಕೋಣೆಯ ಕಡೆ ಅಕ್ರಿಲಿಕ್ ಹಾಕಿ. ಸಿಲಿಕೋನ್ ಮೇಲೆ ಪೇಂಟ್ ಹಿಡಿಯುವುದಿಲ್ಲ, ಗುಳ್ಳೆ ಗುಳ್ಳೆಯಾಗಿ ಜಾರುತ್ತದೆ. ಅಕ್ರಿಲಿಕ್ ಮೇಲೆ ಸೊಗಸಾಗಿ ಹಿಡಿಯುತ್ತದೆ. ನೀರು ನಿಲ್ಲುವ ಕಡೆ ಅಕ್ರಿಲಿಕ್ ಹಚ್ಚಿದರೆ ಒಣಗಿದ ಮೇಲೂ ಮತ್ತೆ ಮತ್ತೆ ನೆಂದು ಮೆತ್ತಗಾಗುತ್ತದೆ. ಮಳೆಗಾಲ ಮುಗಿಯುವಷ್ಟರಲ್ಲಿ ಎದ್ದು ಬಂತು ಎನ್ನುವವರ ಟ್ಯೂಬ್ ತಿರುಗಿಸಿ ನೋಡಿದರೆ ಎಷ್ಟೋ ಸಲ ಅಕ್ರಿಲಿಕ್ ಎಂದೇ ಇರುತ್ತದೆ.

ಸಿಲಿಕೋನಿನಲ್ಲೂ ಎರಡು ಜಾತಿ. ಹುಳಿ ವಾಸನೆ, ಅಂದರೆ ವಿನೆಗರ್ ವಾಸನೆ ಬರುವುದು 'ಅಸಿಟಾಕ್ಸಿ'. ಗಟ್ಟಿಯಾಗುವಾಗ ಅದು ಅಸಿಟಿಕ್ ಆಸಿಡ್ ಬಿಡುತ್ತದೆ. ವಾಸನೆ ಅಷ್ಟಾಗಿ ಇಲ್ಲದ್ದು 'ನ್ಯೂಟ್ರಲ್'. ಮಿರುಗುವ ಟೈಲ್ಸ್, ಗಾಜು, ಸೆರಾಮಿಕ್ ಕಮೋಡ್‌ಗೆ ಹುಳಿ ವಾಸನೆಯದ್ದು ಚೆನ್ನಾಗಿ ಅಂಟುತ್ತದೆ, ಬೇಗ ಗಟ್ಟಿಯೂ ಆಗುತ್ತದೆ. ಆದರೆ ಮಾರ್ಬಲ್, ಶಹಾಬಾದ್ ಕಲ್ಲು, ಕಡಪಾ ಕಲ್ಲು ಇದ್ದ ಕಡೆ ಅದನ್ನು ಮುಟ್ಟಿಸಬೇಡಿ. ಇವೆಲ್ಲ ಸುಣ್ಣದ ಕಲ್ಲಿನ ಜಾತಿ, ನಿಂಬೆರಸ ಬಿದ್ದರೆ ನೊರೆ ಬರುತ್ತದಲ್ಲ, ಹಾಗೆಯೇ ಆ ಆಸಿಡ್ ಕಲ್ಲನ್ನು ತಿನ್ನುತ್ತದೆ, ಅಂಟೂ ನಿಲ್ಲುವುದಿಲ್ಲ. ಬರೀ ಸಿಮೆಂಟ್ ಗೋಡೆ, ಜಿಐ ಪೈಪ್, ಹಿತ್ತಾಳೆ, ಕನ್ನಡಿಯ ಹಿಂಬದಿ ಇಲ್ಲೂ ನ್ಯೂಟ್ರಲ್ಲೇ ಬೇಕು. ಗ್ರಾನೈಟ್ ಹೊಸ್ತಿಲಿದ್ದರೆ ನ್ಯೂಟ್ರಲ್ ಆದರೂ ಮೊದಲು ಕಾಣದ ಮೂಲೆಯಲ್ಲಿ ಸ್ವಲ್ಪ ಹಚ್ಚಿ ನೋಡಿ. ಕೆಲವು ಸಿಲಿಕೋನಿನ ಎಣ್ಣೆ ಕಲ್ಲಿಗೆ ಇಳಿದು ಅಂಚಿನುದ್ದಕ್ಕೂ ಕಪ್ಪು ಗೆರೆ ಬಿಡುತ್ತದೆ, ಅದು ಹೋಗುವುದಿಲ್ಲ.

ಅಂಗಡಿಯಲ್ಲಿ 'ಸ್ಯಾನಿಟರಿ' ಎಂದು ಬರೆದದ್ದನ್ನೇ ಕೇಳಿ. ಅದರಲ್ಲಿ ಬೂಷ್ಟು ತಡೆಯುವ ಮದ್ದು ಇರುತ್ತದೆ. 'ಜಿ.ಪಿ.' ಎಂದರೆ ಎಲ್ಲಕ್ಕೂ ಆಗುವ ಸಾಮಾನ್ಯ ಮಾಲು, ಅದರಲ್ಲಿ ಆ ಮದ್ದು ಇದ್ದೇ ಇರುತ್ತದೆ ಎಂದಿಲ್ಲ. ಹಾಗೇ ತಾರೀಕು ನೋಡಿ. ಒಮ್ಮೆ ಅಟ್ಟದ ಮೇಲಿದ್ದ ಹಳೇ ಟ್ಯೂಬನ್ನು ಸುಮ್ನೆ ಯಾಕೆ ಬಿಸಾಡಬೇಕು ಎಂದು ಬಳಸಿದೆ. ನಾಲ್ಕು ದಿನವಾದರೂ ಚೂಯಿಂಗ್ ಗಮ್ ಹಾಗೇ ಇತ್ತು. ಕೆರೆದು ತೆಗೆಯಲು ಅರ್ಧ ದಿನ ಹಿಡಿಯಿತು.

2. ಹಳೆಯದನ್ನು ಪೂರ್ತಿ ತೆಗೆಯಿರಿ

ಹಳೇ ಸಿಲಿಕೋನ್ ಮೇಲೆ ಹೊಸ ಸಿಲಿಕೋನ್ ಸರಿಯಾಗಿ ಅಂಟುವುದಿಲ್ಲ. ಬೇರೆ ಯಾವುದೂ ಅಂಟುವುದಿಲ್ಲ. 'ಮೇಲೊಂದು ಕೋಟ್' ಅನ್ನುವ ಮಾತೇ ಇಲ್ಲಿ ನಡೆಯುವುದಿಲ್ಲ. ಕಟರಿನಿಂದ ಎರಡೂ ಅಂಚಿನಲ್ಲಿ ಗೀರಿ ಎಳೆದರೆ ಸಿಲಿಕೋನ್ ರಬ್ಬರ್ ಪಟ್ಟಿಯ ಹಾಗೆ ಉದ್ದಕ್ಕೆ ಬರುತ್ತದೆ. ಉದ್ದ ಬರದೆ ಚೂರುಚೂರಾಗಿ ಉದುರಿದರೆ ಅದು ಬಹುಶಃ ಅಕ್ರಿಲಿಕ್. ಅದರ ಮೇಲೆ ಬಿಸಿನೀರಿನ ಬಟ್ಟೆ ಅರ್ಧ ಗಂಟೆ ಇಟ್ಟರೆ ಕೆರೆಯಲು ಸುಲಭ. ಬಿಳಿ ಸಿಮೆಂಟ್ ಇದ್ದರೆ ಹಳೇ ಸ್ಕ್ರೂಡ್ರೈವರಿನಿಂದ ಮೆಲ್ಲಗೆ ಕೆದಕಿ.

ಕಪ್ಪು ಬೂಷ್ಟು ಇದ್ದರೆ ಬ್ಲೀಚ್ ನೀರು ಹಚ್ಚಿ, ಕಾಲು ಗಂಟೆ ಬಿಟ್ಟು, ಚೆನ್ನಾಗಿ ತೊಳೆಯಿರಿ. ಬ್ಲೀಚ್ ಜೊತೆ ಟಾಯ್ಲೆಟ್ ತೊಳೆಯುವ ಆಸಿಡ್ ಯಾವತ್ತೂ ಸೇರಬಾರದು. ಕ್ಲೋರಿನ್ ಗ್ಯಾಸ್ ಬರುತ್ತದೆ, ಚಿಕ್ಕ ಬಾತ್‌ರೂಮಿನಲ್ಲಿ ಅದು ಜೀವಕ್ಕೇ ಅಪಾಯ.

3. ಒಣಗಲು ಒಂದು ರಾತ್ರಿ ಕೊಡಿ

ಸಿಲಿಕೋನಿಗೆ ತೇವ ಬೇಕು ಅಂದೆ, ನಿಜ. ಆದರೆ ಅದು ಗಾಳಿಯ ತೇವ, ಅಂಟಬೇಕಾದ ಮೈಮೇಲಿನ ನೀರಲ್ಲ. ಸಂದಿನೊಳಗೆ ನೀರಿದ್ದರೆ ಪೇಸ್ಟ್ ನೀರಿನ ಮೇಲೆ ಕೂರುತ್ತದೆ, ಟೈಲ್ಸ್ ಮೇಲಲ್ಲ. ಟೈಲ್ಸ್ ಮುಟ್ಟಲು ಒಣಗಿದ್ದರೂ ಕೆಳಗಿನ ಸಿಮೆಂಟ್ ನೆಂದಿರುತ್ತದೆ. ರಾತ್ರಿಯಿಡೀ ಬಾಗಿಲು ತೆರೆದು, ಬಾಗಿಲ ಹೊರಗೆ ಟೇಬಲ್ ಫ್ಯಾನ್ ಇಡಿ. ಬೆಳಿಗ್ಗೆ ಒಂದು ಟಿಶ್ಯೂ ಪೇಪರನ್ನು ಸಂದಿಗೆ ತುರುಕಿ ಒತ್ತಿ ನೋಡಿ. ಅದರ ಬಣ್ಣ ಗಾಢವಾದರೆ ಇನ್ನೂ ತೇವ ಇದೆ. ಕೊನೆಗೆ ಸ್ಪಿರಿಟ್ ಬಟ್ಟೆಯಲ್ಲಿ ಒರೆಸಿ, ಸೋಪಿನ ಜಿಡ್ಡು ಹೋಗುತ್ತದೆ.

4. ಆಳದ ಸಂದಿಗೆ ಮೊದಲು ಫೋಮ್ ತುಂಬಿ

ಸಂದು ಬೆರಳು ಹೋಗುವಷ್ಟು ಆಳ ಇದ್ದರೆ ಪೂರ್ತಿ ಸೀಲೆಂಟ್ ತುಂಬಬೇಡಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಫೋಮಿನ ಉದ್ದ ಹಗ್ಗ ಸಿಗುತ್ತದೆ, ಬ್ಯಾಕರ್ ರಾಡ್ ಎನ್ನುತ್ತಾರೆ. ಸಂದಿಗಿಂತ ಸ್ವಲ್ಪ ದಪ್ಪದ್ದನ್ನು ಒಳಗೆ ಒತ್ತಿ. ಮೇಲೆ ಸೀಲೆಂಟಿನ ಆಳ ಅಗಲದ ಅರ್ಧ ಇದ್ದರೆ ಸಾಕು, ಅಂದರೆ 12 ಮಿ.ಮೀ. ಅಗಲಕ್ಕೆ 6 ಮಿ.ಮೀ. ಆಳ. ದಿನಕ್ಕೆ 2-3 ಮಿ.ಮೀ. ಲೆಕ್ಕ ನೆನಪಿದೆಯಲ್ಲ? 6 ಮಿ.ಮೀ. ಗಟ್ಟಿಯಾಗಲು ಮೂರು ದಿನದ ಹತ್ತಿರ. ಫೋಮ್ ಇಲ್ಲದೆ 20 ಮಿ.ಮೀ. ತುಂಬಿದ್ದರೆ ವಾರಗಳೇ ಬೇಕಾಗುತ್ತಿದ್ದವು.

5. ಟೇಪ್ ಹಚ್ಚಿ, ಎಳೆ ಎಳೆಯಿರಿ

ಸಂದಿನ ಎರಡೂ ಕಡೆ ಮಾಸ್ಕಿಂಗ್ ಟೇಪ್ ಹಚ್ಚಿ. ಟ್ಯೂಬಿನ ತುದಿಯ ಮೊನೆ ಕತ್ತರಿಸಿದ ಮೇಲೆ ನಾಝಲ್ ತಿರುಗಿಸಿ ಕೂರಿಸಿ. ಮೊನೆ ಕತ್ತರಿಸುವುದನ್ನು ಮರೆತು ಗನ್ ಒತ್ತಿ ಒತ್ತಿ ಹಿಂದಿನಿಂದ ಪೇಸ್ಟ್ ಉಕ್ಕಿಸಿಕೊಂಡವರು ಬಹಳ ಜನ. ನಾಝಲ್ ತುದಿಯನ್ನು ಓರೆಯಾಗಿ, ಸಂದಿನ ಅಗಲದಷ್ಟೇ ಕತ್ತರಿಸಿ. ನಿಲ್ಲದೆ ಒಂದೇ ವೇಗದಲ್ಲಿ ಎಳೆಯಿರಿ. ನಿಲ್ಲಿಸುವಾಗ ಗನ್ನಿನ ಹಿಂದಿನ ಪಟ್ಟಿ ಒತ್ತಿ ಬಿಡುಗಡೆ ಮಾಡಿ, ಇಲ್ಲದಿದ್ದರೆ ಪೇಸ್ಟ್ ಬರುತ್ತಲೇ ಇರುತ್ತದೆ.

ಬಾತ್‌ಟಬ್ ಇರುವ ಮನೆಯವರಿಗೆ ಮಾತ್ರ: ಮೊದಲು ಟಬ್ ತುಂಬ ನೀರು ತುಂಬಿಸಿ, ಆಮೇಲೆ ಹಚ್ಚಿ, ಗಟ್ಟಿಯಾಗುವವರೆಗೆ ನೀರು ಹಾಗೇ ಬಿಡಿ. ಖಾಲಿ ಟಬ್ಬಿಗೆ ಹಚ್ಚಿದರೆ ಮೊದಲ ಸ್ನಾನದ ಭಾರಕ್ಕೇ ಸಂದು ಅಗಲವಾಗಿ ಎಳೆ ಹರಿಯುತ್ತದೆ.

ಕಮೋಡಿನ ಬುಡದಲ್ಲಿ ಹಿಂದುಗಡೆ ಎರಡು ಬೆರಳಷ್ಟು ಜಾಗ ಬಿಡಿ ಎಂದು ನಾನು ಹೇಳುತ್ತೇನೆ. ಪ್ಲಂಬರ್‌ಗಳಲ್ಲಿ ಇದಕ್ಕೆ ಒಪ್ಪದವರೂ ಇದ್ದಾರೆ. ಆದರೆ ಒಳಗಿನ ಜೋಡಣೆ ಸೋರಿದರೆ ನೀರು ಆ ಬಿಟ್ಟ ಜಾಗದಿಂದ ಹೊರಗೆ ಬಂದು ನಿಮಗೆ ಗೊತ್ತಾಗುತ್ತದೆ.

6. ಐದು ನಿಮಿಷದೊಳಗೆ ಬೆರಳಾಡಿಸಿ

ಸಿಲಿಕೋನಿಗೆ ಸೋಪಿನ ನೀರಲ್ಲಿ ಅದ್ದಿದ ಬೆರಳು, ಅಕ್ರಿಲಿಕ್‌ಗೆ ಬರೀ ಒದ್ದೆ ಬೆರಳು. ಒಂದೇ ಎಳೆತ, ಮತ್ತೆ ಮತ್ತೆ ಅಲ್ಲ. ಎಳೆ ಹಾಕುವ ಮೊದಲು ಸೋಪಿನ ನೀರು ಟೈಲ್ಸ್ ಮೇಲೆ ಬೀಳಬಾರದು, ಬಿದ್ದ ಕಡೆ ಅಂಟುವುದಿಲ್ಲ. ಸಿಪ್ಪೆ ಕಟ್ಟುವ ಮೊದಲೇ ಟೇಪ್ ತೆಗೆಯಿರಿ. ತಡಮಾಡಿದರೆ ಟೇಪಿನ ಜೊತೆ ಅಂಚೂ ಕಿತ್ತು ಬರುತ್ತದೆ. ಕೈಗೆ ಅಂಟಿದ ಅಕ್ರಿಲಿಕ್ ನೀರಿಗೆ ಹೋಗುತ್ತದೆ. ಸಿಲಿಕೋನ್ ಹೋಗುವುದಿಲ್ಲ, ಮೊದಲು ಒಣ ಟಿಶ್ಯೂನಿಂದ ಒರೆಸಿ.

7. ಕಾಯುವುದು

ಆ ಟೈಲ್ ಚೂರು ಈಗ ಬೇಕು. ಹಚ್ಚಿದ ಹೊತ್ತಿಗೇ, ಅದೇ ಟ್ಯೂಬಿನಿಂದ, ಅಷ್ಟೇ ದಪ್ಪದ ಎಳೆಯನ್ನು ಚೂರಿನ ಮೇಲೂ ಹಾಕಿ ಬಾತ್‌ರೂಮಿನಲ್ಲೇ ಇಡಿ. 24 ಗಂಟೆ ಆದ ಮೇಲೆ ಅದನ್ನು ಕಟರಿನಿಂದ ಅಡ್ಡಕ್ಕೆ ಕತ್ತರಿಸಿ ನೋಡಿ. ಹೊರಗೆ ರಬ್ಬರ್ ಪದರ, ನಡುವೆ ಇನ್ನೂ ಮಿಣುಗುವ ಪೇಸ್ಟ್ ಬ್ಲೇಡಿಗೆ ಅಂಟಿಕೊಂಡು ದಾರದಂತೆ ಎದ್ದರೆ ಒಳಗೆ ಹಸಿ ಇದೆ ಎಂದರ್ಥ. ಮಾರನೇ ದಿನ ಇನ್ನೊಂದು ಕಡೆ ಕತ್ತರಿಸಿ. ಬ್ಲೇಡ್ ಸ್ವಚ್ಛವಾಗಿ ಬಂದು, ಕತ್ತರಿಸಿದ ಮುಖ ಒಂದೇ ಥರ ಕಂಡರೆ ನಿಮ್ಮ ಮೂಲೆಯದ್ದೂ ಹೆಚ್ಚುಕಡಿಮೆ ಆದಂತೆ. ಆದರೂ ಅರ್ಧ ದಿನ ಹೆಚ್ಚು ಕೊಡಿ. ಚೂರಿನ ಮೇಲಿನ ಎಳೆಗೆ ಮೂರು ಕಡೆಯಿಂದ ಗಾಳಿ ತಾಗುತ್ತದೆ, ಮೂಲೆಯದಕ್ಕೆ ಒಂದೇ ಕಡೆಯಿಂದ. ಹುಳಿ ವಾಸನೆಯ ಜಾತಿಯಾದರೆ ಇನ್ನೊಂದು ಗುರುತು ಇದೆ: ಮೂಗು ಹತ್ತಿರ ಹಿಡಿದಾಗ ವಿನೆಗರ್ ವಾಸನೆ ಇದ್ದರೆ ಕೆಲಸ ಇನ್ನೂ ನಡೆಯುತ್ತಿದೆ.

ಅಕ್ರಿಲಿಕ್‌ಗೆ ಉಗುರು ಪರೀಕ್ಷೆ ಸಾಕು. ಕಾಣದ ಕಡೆ ಉಗುರು ಒತ್ತಿ. ಗುರುತು ಹಾಗೇ ನಿಂತರೆ ಒಳಗೆ ನೀರಿದೆ. ಪಾರದರ್ಶಕ ಅಕ್ರಿಲಿಕ್ ಆದರೆ ಇನ್ನೂ ಸುಲಭ, ಹಾಕುವಾಗ ಹಾಲಿನ ಬಣ್ಣ ಇರುತ್ತದೆ, ಒಣಗಿದಂತೆ ತಿಳಿಯಾಗುತ್ತದೆ.

ಒಂದೇ ಬಾತ್‌ರೂಮ್ ಇರುವ ಮನೆಯ ಲೆಕ್ಕ

ಐದಕ್ಕೆ ಏಳು ಅಡಿಯ ಬಾತ್‌ರೂಮ್ ಎಂದುಕೊಳ್ಳಿ. ಸುತ್ತಳತೆ 24 ಅಡಿ, ಬಾಗಿಲು ಬಿಟ್ಟರೆ ಸುಮಾರು ಆರೂವರೆ ಮೀಟರ್. ಮೂಲೆಯಲ್ಲಿ ಗೋಡೆಗೆ 8 ಮಿ.ಮೀ., ನೆಲಕ್ಕೆ 8 ಮಿ.ಮೀ. ಬರುವ ಹಾಗೆ ತ್ರಿಕೋನದ ಎಳೆ ಹಾಕಿದರೆ ಮೀಟರಿಗೆ 32 ಮಿ.ಲೀ., ಒಟ್ಟು 208 ಮಿ.ಲೀ. ಬೇಕು. ಕಮೋಡ್ ಮತ್ತು ಬೇಸಿನ್ ಸೇರಿ ಎರಡು ಮೀಟರ್, ಅದಕ್ಕೆ ಸಣ್ಣ ಎಳೆ, 36 ಮಿ.ಲೀ. ಟ್ಯೂಬಿನಲ್ಲಿರುವುದು 280 ಮಿ.ಲೀ. ಕಾಗದದ ಮೇಲೆ ಸಾಕಾಗುತ್ತದೆ, ಕೈಯಲ್ಲಿ ಸಾಕಾಗುವುದಿಲ್ಲ. ಎರಡು ತನ್ನಿ, ಅರ್ಧದಲ್ಲಿ ಅಂಗಡಿಗೆ ಓಡುವುದು ತಪ್ಪುತ್ತದೆ.

ಶುಕ್ರವಾರ ಸಂಜೆ ಎಲ್ಲರ ಸ್ನಾನ ಮುಗಿಸಿ ಹಳೆಯದನ್ನು ಕೆರೆಯಿರಿ, ರಾತ್ರಿ ಫ್ಯಾನ್ ಹಾಕಿ. ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಸಿಲಿಕೋನ್ ಹಚ್ಚಿ. ಬೆರಳಾಡಿಸಿದ ಮೇಲೆ ಮೂಲೆಯ ಎಳೆಯ ನಡುವಿನ ದಪ್ಪ 4-5 ಮಿ.ಮೀ. ಉಳಿಯುತ್ತದೆ. ಭಾನುವಾರ ಬೆಳಿಗ್ಗೆಗೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಗಟ್ಟಿಯಾಗಿರುತ್ತದೆ. ಆಗ ಕಮೋಡ್ ಬಳಸಬಹುದು, ಅಲ್ಲಿಯ ಎಳೆ ಸಣ್ಣದು. ಸ್ನಾನ ಸೋಮವಾರ ಬೆಳಿಗ್ಗೆ. ಬ್ರಷ್ ಹಾಕಿ ಉಜ್ಜುವುದು ಮಂಗಳವಾರದ ಮೇಲೆ, ಆಸಿಡ್ ಕ್ಲೀನರ್ ಒಂದು ವಾರದ ಮೇಲೆ. ಶನಿವಾರದ ಇಪ್ಪತ್ನಾಲ್ಕು ಗಂಟೆ ಕಮೋಡ್ ಇಲ್ಲದೆ ಆಗುವುದಿಲ್ಲ ಅನ್ನುವವರು ಅದನ್ನು ಈ ಸಲ ಬಿಟ್ಟು ಮೂಲೆಗಳನ್ನು ಮಾತ್ರ ಮುಗಿಸಿ. ಕಮೋಡಿನ ಬುಡವನ್ನು ಮನೆಮಂದಿಯೆಲ್ಲ ಊರಿಗೆ ಹೋಗುವ ದಿನಕ್ಕೆ ಇಟ್ಟುಕೊಳ್ಳಿ.

ಬಾಗಿಲ ಹೊರಗಿನ ಅಕ್ರಿಲಿಕ್ಕನ್ನೂ ಅದೇ ಶನಿವಾರ ಹಾಕಬಹುದು. ಭಾನುವಾರ ಸಂಜೆ ಪೇಂಟ್ ಹೊಡೆಯಿರಿ, ಮಳೆ ಹಿಡಿದಿದ್ದರೆ ಇನ್ನೆರಡು ದಿನ ತಡೆಯಿರಿ. ಒಳಗೆ ಇನ್ನೂ ತೀರಾ ಹಸಿ ಇರುವಾಗ ಪೇಂಟ್ ಹೊಡೆದರೆ, ಆಮೇಲೆ ಅಕ್ರಿಲಿಕ್ ಕುಗ್ಗುವಾಗ ಪೇಂಟ್ ಸಣ್ಣ ಸಣ್ಣ ಬಿರುಕು ಬಿಡುತ್ತದೆ. ಎರಡು ವಾರದ ಮೇಲೆ ಎಳೆ ಒಳಗೆ ಇಳಿದಿದ್ದು ಕಂಡರೆ ಗಾಬರಿ ಬೇಡ. ಅದರ ಮೇಲೇ ಇನ್ನೊಂದು ತೆಳು ಎಳೆ ಎಳೆಯಬಹುದು, ಅಕ್ರಿಲಿಕ್ ಮೇಲೆ ಅಕ್ರಿಲಿಕ್ ಅಂಟುತ್ತದೆ.

ಸಿಲಿಕೋನಿನ ಅಂಚು ಒಂದು ಕಡೆ ಬಿಟ್ಟಿದ್ದರೆ ಮಾತ್ರ ಆ ಭಾಗವನ್ನು ಪೂರ್ತಿ ಕತ್ತರಿಸಿ ತೆಗೆದು, ಎರಡನೇ ಹಂತದಿಂದ ಮತ್ತೆ ಶುರು ಮಾಡಬೇಕು. ಬಿಟ್ಟ ಅಂಚಿನ ಕೆಳಗೆ ನಾಝಲ್ ತೂರಿಸಿ ಒಂದಿಷ್ಟು ತುಂಬಿದರೆ ನೀರು ಒಳಗೇ ಸಿಕ್ಕಿಕೊಳ್ಳುತ್ತದೆ, ಒಂದೆರಡು ತಿಂಗಳಲ್ಲಿ ಎಳೆಯ ಅಡಿಯಿಂದಲೇ ಕಪ್ಪು ಬೂಷ್ಟು ಕಾಣಿಸಿಕೊಳ್ಳುತ್ತದೆ. ಅಡಿಯಿಂದ ಬಂದ ಆ ಕಪ್ಪು ಎಷ್ಟು ಉಜ್ಜಿದರೂ ಹೋಗುವುದಿಲ್ಲ.